ಅಮ್ಮನ ಕ್ರಿಯಾಟಿನಿನ್ 1.1: ‘ನಾರ್ಮಲ್’ ಎಂದು ಬಿಡಬಹುದೇ?

ಕಿಡ್ನಿ ಪರೀಕ್ಷೆಯ ರಿಪೋರ್ಟಿನಲ್ಲಿ ಎರಡು ಸಾಲುಗಳು ಒಂದರ ಕೆಳಗೊಂದು ಇರುತ್ತವೆ. ಮೊದಲನೆಯದು ಸೀರಮ್ ಕ್ರಿಯಾಟಿನಿನ್: 1.1. ಪಕ್ಕದಲ್ಲಿ 0.6ರಿಂದ 1.2 ಎಂಬ ಮಿತಿ ಅಚ್ಚಾಗಿದೆ, ಅಂದರೆ ಎಲ್ಲ ಸರಿಯಾಗಿದೆ. ಎರಡನೆಯದು ಇಜಿಎಫ್‌ಆರ್: 52. ಇದು ಮಾತ್ರ ದಪ್ಪ ಅಕ್ಷರದಲ್ಲಿದೆ, ಜೊತೆಗೆ ‘ಕಡಿಮೆ’ ಎಂಬ ಗುರುತು. ರಕ್ತ ಒಂದೇ, ತೆಗೆದ ದಿನವೂ ಒಂದೇ. ಮನೆಯಲ್ಲಿ ಒಬ್ಬರು ಮೇಲಿನ ಸಾಲು ನೋಡಿ ರಿಪೋರ್ಟನ್ನು ಬೀರುವಿಗೆ ಸೇರಿಸುತ್ತಾರೆ. ಇನ್ನೊಬ್ಬರು ಕೆಳಗಿನ ಸಾಲು ನೋಡಿ ಡಯಾಲಿಸಿಸ್ ಎಲ್ಲಿ ಮಾಡುತ್ತಾರೆಂದು ವಿಚಾರಿಸಲು ತೊಡಗುತ್ತಾರೆ. ವಯಸ್ಸಾದವರ ಮಟ್ಟಿಗೆ ಈ ಎರಡೂ ಆತುರದ ತೀರ್ಮಾನಗಳು.

ವಿಷಯ ಸ್ಪಷ್ಟವಾಗಲು ಲೆಕ್ಕಕ್ಕೆಂದು ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ವಯಸ್ಸು 76, ತೂಕ 44 ಕಿಲೋ, ಎತ್ತರ 150 ಸೆಂಟಿಮೀಟರ್. ಬಿಪಿಗೆ ಟೆಲ್ಮಿಸಾರ್ಟನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಮಂಡಿನೋವು ಹೆಚ್ಚಾದಾಗ ಮೆಡಿಕಲ್ ಶಾಪ್‌ನಿಂದ ತರಿಸಿದ ನೋವಿನ ಮಾತ್ರೆಯೂ ಇದೆ. ಮೇಲಿನ ರಿಪೋರ್ಟ್ ಇವರದೇ ಎಂದಿಟ್ಟುಕೊಳ್ಳಿ.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ

ಸ್ನಾಯುಗಳಿಗೆ ಶಕ್ತಿ ಒದಗಿಸುವ ಕ್ರಿಯಾಟಿನ್ ಎಂಬ ವಸ್ತುವಿನಲ್ಲಿ ಒಂದು ಸಣ್ಣ ಪಾಲು ದಿನವೂ ತಾನಾಗಿ ಸವೆದು ಕ್ರಿಯಾಟಿನಿನ್ ಆಗುತ್ತದೆ. ದೇಹಕ್ಕೆ ಅದರಿಂದ ಉಪಯೋಗವಿಲ್ಲ. ಅದು ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹೊರಹಾಕುತ್ತದೆ. ಒಂದು ತೊಟ್ಟಿಗೆ ನಲ್ಲಿಯಿಂದ ಒಂದೇ ಸಮನೆ ನೀರು ಬೀಳುತ್ತಿದೆ, ತಳದ ತೂತಿನಿಂದ ಹೊರಹೋಗುತ್ತಿದೆ ಎಂದು ಭಾವಿಸಿ. ರಕ್ತಪರೀಕ್ಷೆಯಲ್ಲಿ ಸಿಗುವುದು ತೊಟ್ಟಿಯಲ್ಲಿ ನಿಂತ ನೀರಿನ ಮಟ್ಟ ಮಾತ್ರ. ತೂತು ಕಟ್ಟಿಕೊಂಡರೆ ಮಟ್ಟ ಏರುತ್ತದೆ, ನಿಜ. ಆದರೆ ನಲ್ಲಿಯಿಂದ ಬೀಳುವ ನೀರೇ ಕಡಿಮೆಯಾದರೆ, ತೂತು ಅರ್ಧ ಕಟ್ಟಿದ್ದರೂ ಮಟ್ಟ ಏರಿದಂತೆ ಕಾಣುವುದಿಲ್ಲ.

ವಯಸ್ಸಾದವರಲ್ಲಿ ಆಗುವುದು ಇದೇ. ಎಪ್ಪತ್ತು ದಾಟಿದ ಮೇಲೆ ತೋಳು, ತೊಡೆಗಳ ಮಾಂಸಖಂಡ ಕರಗುತ್ತದೆ. ಊಟ ಕಡಿಮೆ, ಓಡಾಟ ಕಡಿಮೆ. ಸ್ನಾಯು ಕರಗಿದಷ್ಟೂ ರಕ್ತಕ್ಕೆ ಬರುವ ಕ್ರಿಯಾಟಿನಿನ್ ಕಡಿಮೆಯಾಗುತ್ತದೆ. ಕಿಡ್ನಿ ಸೋಸುವುದೂ ಅದೇ ಹೊತ್ತಿಗೆ ನಿಧಾನವಾಗಿರುತ್ತದೆ. ಎರಡೂ ಒಂದನ್ನೊಂದು ಮರೆಮಾಚುವುದರಿಂದ ರಿಪೋರ್ಟಿನ ಅಂಕಿ ವರ್ಷಗಟ್ಟಲೆ ಮಿತಿಯೊಳಗೇ ಉಳಿಯಬಹುದು.

ಇನ್ನೊಂದು ಮಾತು. ಸೋಸುವ ಶಕ್ತಿ ಅರ್ಧಕ್ಕಿಳಿದರೆ ಕ್ರಿಯಾಟಿನಿನ್ ಸರಿಸುಮಾರು ಎರಡರಷ್ಟಾಗುತ್ತದೆ. ನಲವತ್ತರಲ್ಲಿ 0.5 ಇದ್ದ ಸಣ್ಣ ಮೈಕಟ್ಟಿನ ಹೆಂಗಸಿಗೆ ಈಗ 1.0 ಬಂದಿದೆ ಎಂದರೆ ಸೋಸುವ ಶಕ್ತಿ ಅರ್ಧ ಹೋಗಿದೆ. ಆದರೂ ಎರಡೂ ಅಂಕಿಗಳು ಲ್ಯಾಬಿನವರ ಮಿತಿಯ ಆಸುಪಾಸಿನಲ್ಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ರಿಪೋರ್ಟಿನ ಅಂಚಿನಲ್ಲಿರುವ ಮಿತಿಗಿಂತ ಅವರದೇ ಹಳೆಯ ಅಂಕಿ ಹೆಚ್ಚು ಹೇಳುವುದು ಇದಕ್ಕೇ.

52 ಬಂದದ್ದು ಎಲ್ಲಿಂದ?

ಕಿಡ್ನಿಗಳು ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವವನ್ನು ಸೋಸುತ್ತವೆ ಎಂಬುದೇ ಜಿಎಫ್‌ಆರ್. ಅದನ್ನು ನೇರವಾಗಿ ಅಳೆಯಲು ಔಷಧ ಚುಚ್ಚಿ ಗಂಟೆಗಟ್ಟಲೆ ಮಾದರಿ ತೆಗೆಯಬೇಕು. ಆದ್ದರಿಂದ ಲ್ಯಾಬಿನ ಕಂಪ್ಯೂಟರ್ ಕ್ರಿಯಾಟಿನಿನ್, ವಯಸ್ಸು, ಲಿಂಗ ಈ ಮೂರನ್ನು ಒಂದು ಸೂತ್ರಕ್ಕೆ ಹಾಕಿ ಅಂದಾಜು ಕಟ್ಟುತ್ತದೆ. ಇಜಿಎಫ್‌ಆರ್‌ನ ಮೊದಲ ‘ಇ’ ಸೂಚಿಸುವುದು ಈ ಅಂದಾಜನ್ನೇ. ಅದಕ್ಕೆ ಬೇರೆ ಪರೀಕ್ಷೆಯಿಲ್ಲ, ಬೇರೆ ರಕ್ತವಿಲ್ಲ.

ಈಗ ಹೆಚ್ಚು ಬಳಕೆಯಲ್ಲಿರುವ 2021ರ ಸಿಕೆಡಿ-ಎಪಿ ಸೂತ್ರದಲ್ಲಿ ನಮ್ಮ ತಾಯಿಯ 1.1 ಹಾಕಿದರೆ 52 ಬರುತ್ತದೆ. ಅವರ 45 ವರ್ಷದ ಮಗನಿಗೂ ಕ್ರಿಯಾಟಿನಿನ್ 1.1 ಇದ್ದರೆ ಅದೇ ಸೂತ್ರ 84 ಎನ್ನುತ್ತದೆ. ಮಗನ ಮೈಯಲ್ಲಿ ಸ್ನಾಯು ಹೆಚ್ಚು, ಆದ್ದರಿಂದ ಅವನ 1.1 ಸಹಜ. ತಾಯಿಯ ಮೈಯಲ್ಲಿ ಅಷ್ಟು ಸ್ನಾಯು ಇರಲಾರದು, ಆದರೂ 1.1 ಇದೆ ಎಂದರೆ ಹೊರಹೋಗುವುದು ನಿಧಾನವಾಗಿದೆ ಎಂಬುದು ಸೂತ್ರದ ತರ್ಕ. ವಯಸ್ಸು ಮತ್ತು ಲಿಂಗದ ಮೂಲಕ ಅದು ಸ್ನಾಯುವನ್ನು ಊಹಿಸುತ್ತದೆ, ಅಳೆಯುವುದಿಲ್ಲ.

ಈ ಅಂಕಿ ಎಷ್ಟು ಅಲುಗಾಡುತ್ತದೆ ಎಂಬುದೂ ತಿಳಿದಿರಲಿ. ಇದೇ ತಾಯಿಗೆ ಕ್ರಿಯಾಟಿನಿನ್ 1.0 ಬಂದಿದ್ದರೆ ಇಜಿಎಫ್‌ಆರ್ 58, 1.2 ಬಂದಿದ್ದರೆ 47. ಹಿಂದಿನ ದಿನ ನೀರು ಕಡಿಮೆ ಕುಡಿದಿದ್ದರೆ, ರಾತ್ರಿ ಮಾಂಸದೂಟ ಮಾಡಿದ್ದರೆ, ಇಲ್ಲವೇ ಲ್ಯಾಬ್ ಬದಲಾಗಿದ್ದರೆ 0.1ರ ವ್ಯತ್ಯಾಸ ಬಂದೇ ಬರುತ್ತದೆ. ‘ಮೂರು ತಿಂಗಳಲ್ಲಿ 52ರಿಂದ 47ಕ್ಕೆ ಇಳಿಯಿತು’ ಎಂದು ಮನೆಮಂದಿ ಹೌಹಾರುವ ಇಳಿಕೆ ಇಷ್ಟರೊಳಗೇ ಇರಬಹುದು. ಶೇಕಡ 20ಕ್ಕಿಂತ ಹೆಚ್ಚು ಬದಲಾದರೆ ಅದನ್ನು ಮಾಮೂಲಿ ಏರಿಳಿತವೆಂದು ಬಿಡಬಾರದು, ಕಾರಣ ಹುಡುಕಬೇಕು ಎಂಬುದು ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋ 2024ರಲ್ಲಿ ಕೊಟ್ಟ ಮಾರ್ಗಸೂಚಿ.

ಸೂತ್ರವೇ ಬದಲಾಗಿರುವುದೂ ಉಂಟು. ಅದೇ 1.1ನ್ನು 2009ರ ಹಳೆಯ ಸೂತ್ರಕ್ಕೆ ಹಾಕಿದರೆ 49 ಬರುತ್ತದೆ. ಎರಡು ರಿಪೋರ್ಟ್ ಹೋಲಿಸುವಾಗ ಮೊದಲು ಕ್ರಿಯಾಟಿನಿನ್ ಹೋಲಿಸಿ, ಆಮೇಲೆ ಸೂತ್ರದ ಹೆಸರು ನೋಡಿ. ಮಕ್ಕಳ ಜೊತೆ ಇರಲು ಇಂಗ್ಲೆಂಡಿಗೆ ಹೋದವರಿಗೆ ಅಲ್ಲಿನ ರಿಪೋರ್ಟ್ ಕ್ರಿಯಾಟಿನಿನ್ 97 ಎಂದು ತೋರಿಸಿದರೆ ಗಾಬರಿಯಾಗಬೇಕಿಲ್ಲ. ಅಲ್ಲಿ ಅಳತೆಯ ಮಾನ ಬೇರೆ, 88.4ರಿಂದ ಭಾಗಿಸಿದರೆ ನಮ್ಮ 1.1 ಸಿಗುತ್ತದೆ.

ಸಣಕಲು ಮೈ, ಮೂರು ಬೇರೆ ಉತ್ತರ

52 ಎಂಬ ಅಂಕಿಯ ಮುಂದೆ ಸಣ್ಣಕ್ಷರದಲ್ಲಿ ‘1.73 ಚದರ ಮೀಟರಿಗೆ’ ಎಂದಿರುತ್ತದೆ. ಇದು ದೇಹದ ಮೇಲ್ಮೈಯ ಅಳತೆ. 1920ರ ದಶಕದಲ್ಲಿ ಅಮೆರಿಕದ ಯುವಜನರ ಸರಾಸರಿಯನ್ನು ಹಿಡಿದು ಗೊತ್ತುಪಡಿಸಿದ್ದು ಇಂದಿಗೂ ಹಾಗೇ ನಡೆದುಬಂದಿದೆ. ನಮ್ಮ ತಾಯಿಯ 44 ಕಿಲೋ, 150 ಸೆಂಟಿಮೀಟರ್ ಮೈಯ ಮೇಲ್ಮೈ ಸುಮಾರು 1.35 ಚದರ ಮೀಟರ್ ಮಾತ್ರ. ಅವರ ಮೈ ಅಳತೆಗೆ ಇಳಿಸಿದರೆ 52 ಆಗುವುದು ಸುಮಾರು 41 ಮಿಲಿಲೀಟರ್.

ಮೂರನೆಯ ಲೆಕ್ಕವೂ ಇದೆ. 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ತೂಕವನ್ನೂ ಸೇರಿಸಿಕೊಳ್ಳುತ್ತದೆ. 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಅದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು; ಹೆಂಗಸರಾದರೆ 0.85ರಿಂದ ಗುಣಿಸಬೇಕು. ಇವರಿಗೆ ಬರುವುದು ಸುಮಾರು 30. ಇದು ಹಳೆಯ ಸೂತ್ರ, ಮುದುಕರಲ್ಲಿ ಇದ್ದುದಕ್ಕಿಂತ ಕಡಿಮೆ ತೋರಿಸುವ ಸ್ವಭಾವ ಇದಕ್ಕಿದೆ. ಆದರೂ ಕಿಡ್ನಿ ಮೂಲಕ ಹೊರಹೋಗುವ ಹಲವು ಔಷಧಿಗಳ ಡೋಸನ್ನು, ಮುಖ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಡಾಬಿಗಟ್ರಾನ್‌ನಂಥ ಮಾತ್ರೆಗಳದನ್ನು, ಈ ಲೆಕ್ಕದ ಮೇಲೇ ನಿಗದಿಮಾಡಿದ್ದಾರೆ. 52 ಎಂದುಕೊಂಡು ಕೊಟ್ಟ ಡೋಸು 30ರ ಮೈಗೆ ಅತಿಯಾಗಬಹುದು. ಹೊಸ ಮಾತ್ರೆ ಬರೆಯುವಾಗ ‘ಇವರ ತೂಕ 44 ಕಿಲೋ’ ಎಂದು ವೈದ್ಯರಿಗೆ ಹೇಳುವುದು ಸಣ್ಣ ಮಾತಲ್ಲ.

ಸ್ನಾಯು ಕರಗಿದಾಗ ಸಿಗುವ ಸುಳ್ಳು ಸಮಾಧಾನವನ್ನು ಇಲ್ಲಿಯೇ ಹೇಳಿಬಿಡಬೇಕು. ಇದೇ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮೂರು ತಿಂಗಳು ಹಾಸಿಗೆ ಹಿಡಿದರು ಎಂದುಕೊಳ್ಳಿ. ಆಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 0.9, ಇಜಿಎಫ್‌ಆರ್ 66. ರಿಪೋರ್ಟಿನ ಪ್ರಕಾರ ಕಿಡ್ನಿ ಸುಧಾರಿಸಿದೆ. ನಿಜದಲ್ಲಿ ಸುಧಾರಿಸಿದ್ದು ಏನೂ ಇಲ್ಲ. ತೊಡೆಯ ಸ್ನಾಯು ಕರಗಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆಯಾಗಿದೆ. ತೂಕ ಇಳಿಯುತ್ತಿರುವಾಗ ಕ್ರಿಯಾಟಿನಿನ್ ಇಳಿದರೆ ಅದನ್ನು ಒಳ್ಳೆಯ ಸುದ್ದಿ ಎನ್ನುವ ಹಾಗಿಲ್ಲ.

ಇಂಥ ಸಂದರ್ಭಕ್ಕೆ ಸಿಸ್ಟಾಟಿನ್-ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಇದೆ. ಈ ಪ್ರೋಟೀನು ದೇಹದ ಬಹುತೇಕ ಎಲ್ಲ ಜೀವಕೋಶಗಳಿಂದಲೂ ಬರುವುದರಿಂದ ಸ್ನಾಯು ಎಷ್ಟಿದೆ ಎಂಬುದು ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಬೆಲೆ ಹೆಚ್ಚು, ಸಣ್ಣ ಲ್ಯಾಬ್‌ಗಳಲ್ಲಿ ಸಿಗುವುದು ಕಷ್ಟ. ಥೈರಾಯ್ಡ್ ತೊಂದರೆ, ಸ್ಟೀರಾಯ್ಡ್ ಮಾತ್ರೆ, ದೇಹದಲ್ಲಿ ಉರಿಯೂತ ಇದ್ದರೆ ಅದೂ ದಾರಿ ತಪ್ಪಿಸುತ್ತದೆ. ಎರಡನ್ನೂ ಸೇರಿಸಿ ಮಾಡಿದ ಲೆಕ್ಕ ಒಂದೊಂದೇ ಲೆಕ್ಕಕ್ಕಿಂತ ನಂಬಲರ್ಹ. ಎಲ್ಲರಿಗೂ ಇದು ಬೇಡ. ತುಂಬ ತೆಳ್ಳಗಿರುವವರಿಗೆ, ಡೋಸು ತಪ್ಪಿದರೆ ಅಪಾಯವಾಗುವ ಔಷಧಿ ಶುರುಮಾಡುವಾಗ ವೈದ್ಯರನ್ನು ಕೇಳಬಹುದು.

52 ಎಂದರೆ ಕಾಯಿಲೆಯೇ?

ಒಂದು ರಿಪೋರ್ಟಿನಿಂದ ಹೇಳಲಾಗದು. ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಮಾತ್ರ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. 45ರಿಂದ 59ರವರೆಗೆ ಮೂರನೇ ಹಂತದ ‘ಎ’ ಭಾಗ, 30ರಿಂದ 44ರವರೆಗೆ ‘ಬಿ’ ಭಾಗ, 15ರಿಂದ 29 ನಾಲ್ಕನೇ ಹಂತ, ಅದಕ್ಕೂ ಕೆಳಗೆ ಐದನೆಯದು. ‘ಮೂರನೇ ಹಂತ’ ಎಂಬ ಮಾತು ಕ್ಯಾನ್ಸರಿನ ಹಂತಗಳನ್ನು ನೆನಪಿಸಿ ಹೆದರಿಸುತ್ತದೆ. ಇಲ್ಲಿ ಅದಕ್ಕೆ ಆ ಅರ್ಥವಿಲ್ಲ.

ನಲವತ್ತರ ನಂತರ ಹೆಚ್ಚಿನವರಲ್ಲಿ ಜಿಎಫ್‌ಆರ್ ವರ್ಷಕ್ಕೆ ಸುಮಾರು ಒಂದರಂತೆ ಇಳಿಯುತ್ತ ಹೋಗುತ್ತದೆ. ಹಾಗಾಗಿ ಎಪ್ಪತ್ತೈದು ದಾಟಿದವರಲ್ಲಿ 50ರ ಆಸುಪಾಸಿನ ಅಂಕಿ ಅಪರೂಪವಲ್ಲ. ಅರವತ್ತೈದು ದಾಟಿದವರಿಗೆ ಗೆರೆಯನ್ನು 60ರ ಬದಲು 45ಕ್ಕೆ ಎಳೆಯಬೇಕು ಎಂದು ಕೆಲವು ತಜ್ಞರು ವಾದಿಸುತ್ತಲೇ ಬಂದಿದ್ದಾರೆ. ಮಾರ್ಗಸೂಚಿಗಳು ಈಗಲೂ 60ನ್ನೇ ಉಳಿಸಿಕೊಂಡಿವೆ. ಈ ವಾದದ ನಡುವೆ ಮನೆಯವರಿಗೆ ದಾರಿ ತೋರುವುದು ರಕ್ತವಲ್ಲ, ಮೂತ್ರ.

ಆ ಪರೀಕ್ಷೆಯ ಹೆಸರು ಮೂತ್ರದ ಎಸಿಆರ್, ಅಂದರೆ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತ. ಆರೋಗ್ಯವಂತ ಕಿಡ್ನಿಯ ಜರಡಿ ಅಲ್ಬುಮಿನ್ ಎಂಬ ಪ್ರೋಟೀನನ್ನು ಹೊರಬಿಡುವುದಿಲ್ಲ. ಜರಡಿ ಹಾಳಾದರೆ ಅದು ಸೋರುತ್ತದೆ. ಮೂತ್ರ ಗಟ್ಟಿಯೋ ತೆಳುವೋ ಎಂಬುದನ್ನು ಸರಿದೂಗಿಸಲು ಕ್ರಿಯಾಟಿನಿನ್‌ನೊಂದಿಗೆ ಹೋಲಿಸುತ್ತಾರೆ. 30ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 30ರಿಂದ 300 ಎಚ್ಚರಿಕೆ, 300 ದಾಟಿದರೆ ಗಂಭೀರ. ಮಾಮೂಲಿ ಮೂತ್ರಪರೀಕ್ಷೆಯಲ್ಲಿ ‘ಅಲ್ಬುಮಿನ್ ಇಲ್ಲ’ ಎಂದು ಬಂದರೂ ಶುರುವಿನ ಸೋರಿಕೆ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಬೆಳಗ್ಗೆ ಎದ್ದ ಮೇಲಿನ ಮೊದಲ ಮೂತ್ರ ಕೊಡುವುದು ಒಳ್ಳೆಯದು. ಜ್ವರ ಅಥವಾ ಮೂತ್ರದ ಸೋಂಕು ಇರುವಾಗ ಮಾಡಿಸಬಾರದು.

ನಮ್ಮ ತಾಯಿಯ ಎಸಿಆರ್ 12 ಬಂದು, ಕ್ರಿಯಾಟಿನಿನ್ ಎರಡು ಮೂರು ವರ್ಷಗಳಿಂದ 1.0–1.1ರಲ್ಲೇ ನಿಂತಿದ್ದರೆ, ಅವರು ಡಯಾಲಿಸಿಸ್ ತಲುಪುವ ಸಾಧ್ಯತೆ ತೀರ ಕಡಿಮೆ. ವರ್ಷಕ್ಕೊಮ್ಮೆ ಪರೀಕ್ಷೆ, ಬಿಪಿ ಹತೋಟಿ, ಮಾತ್ರೆಗಳ ಮೇಲೆ ಕಣ್ಣು ಇಷ್ಟು ಸಾಕು. ಅದೇ 52ರ ಜೊತೆ ಎಸಿಆರ್ 340 ಬಂದರೆ ಕಥೆಯೇ ಬೇರೆ. ಆಗ ಕಿಡ್ನಿ ತಜ್ಞರನ್ನು ಕಾಣಬೇಕು. ಟೆಲ್ಮಿಸಾರ್ಟನ್ ಡೋಸು ಹೆಚ್ಚಿಸುವುದು, ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ಸೇರಿಸುವುದು ಇವುಗಳಿಂದ ಇಳಿಕೆಯನ್ನು ನಿಜವಾಗಿಯೂ ನಿಧಾನಿಸಬಹುದು. ಇವೆರಡೂ ಶುರುವಿನಲ್ಲಿ ಕ್ರಿಯಾಟಿನಿನ್‌ಅನ್ನು ಸ್ವಲ್ಪ ಏರಿಸುತ್ತವೆ. ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ ಶುರುಮಾಡಿದ ಮೊದಲ ನಾಲ್ಕು ವಾರಗಳಲ್ಲಿ ಶೇಕಡ 30ರವರೆಗಿನ ಏರಿಕೆಯನ್ನು ವೈದ್ಯರು ಒಪ್ಪುತ್ತಾರೆ. 1.1 ಇದ್ದದ್ದು 1.3 ಆಯಿತೆಂದು ‘ಈ ಮಾತ್ರೆ ಕಿಡ್ನಿ ತಿನ್ನುತ್ತಿದೆ’ ಎಂದು ಮನೆಯಲ್ಲೇ ನಿಲ್ಲಿಸಿಬಿಡುವುದು ತಪ್ಪು. 1.5 ಆದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಪೊಟ್ಯಾಸಿಯಂ ಕೂಡ ಅದರ ಜೊತೆಗೇ ನೋಡಿಸಬೇಕು.

ಅಂಕಿ ದಿಢೀರ್ ಏರಿದಾಗ

ವಯಸ್ಸಾದವರಲ್ಲಿ ನಿಧಾನವಾದ ಇಳಿಕೆಗಿಂತ ಹೆಚ್ಚು ಹೆದರಬೇಕಾದದ್ದು ನಾಲ್ಕೈದು ದಿನಗಳಲ್ಲಿ ಆಗುವ ಪೆಟ್ಟು. ನಮ್ಮ ತಾಯಿಗೆ ವಾಂತಿ-ಭೇದಿ ಶುರುವಾಗಿದೆ ಎನ್ನಿ. ಎರಡು ದಿನ ಗಂಜಿಯೂ ಒಳಗೆ ನಿಲ್ಲಲಿಲ್ಲ. ಆದರೂ ‘ಬಿಪಿ ಮಾತ್ರೆ ತಪ್ಪಿಸಬಾರದು’ ಎಂದು ಟೆಲ್ಮಿಸಾರ್ಟನ್ ಕೊಟ್ಟಿದ್ದಾರೆ. ಮೈಕೈ ನೋವಿಗೆ ನೋವಿನ ಮಾತ್ರೆಯೂ ಆಯಿತು. ನೀರಿಲ್ಲದೆ ರಕ್ತದೊತ್ತಡ ಕುಸಿದಾಗ ಕಿಡ್ನಿ ತನ್ನೊಳಗಿನ ಒತ್ತಡವನ್ನು ಕಾಪಾಡಿಕೊಳ್ಳಲು ಎರಡು ಉಪಾಯ ಮಾಡುತ್ತದೆ: ಒಳಬರುವ ರಕ್ತನಾಳವನ್ನು ಹಿಗ್ಗಿಸುತ್ತದೆ, ಹೊರಹೋಗುವುದನ್ನು ಬಿಗಿಮಾಡುತ್ತದೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ಗುಂಪಿನ ಮಾತ್ರೆ ಮೊದಲನೆಯದನ್ನು ತಡೆಯುತ್ತದೆ, ಟೆಲ್ಮಿಸಾರ್ಟನ್ ಎರಡನೆಯದನ್ನು. ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿದ್ದರೆ ಪರಿಸ್ಥಿತಿ ಮತ್ತೂ ಕೆಡುತ್ತದೆ. ಮೂರನೇ ದಿನ ಆಸ್ಪತ್ರೆಯಲ್ಲಿ ನೋಡಿದರೆ ಕ್ರಿಯಾಟಿನಿನ್ 1.8.

ರಿಪೋರ್ಟಿನಲ್ಲಿ ಇಜಿಎಫ್‌ಆರ್ 29 ಎಂದಿರುತ್ತದೆ. ಈ 29ನ್ನು ಯಾರೂ ನಂಬಬಾರದು. ಸೂತ್ರ ಹೊಂದುವುದು ತೊಟ್ಟಿಯ ಮಟ್ಟ ಸ್ಥಿರವಾಗಿರುವಾಗ ಮಾತ್ರ. ಕಿಡ್ನಿ ಪೂರ್ತಿ ನಿಂತರೂ ರಕ್ತದಲ್ಲಿ ಕ್ರಿಯಾಟಿನಿನ್ ಸೇರಲು ಒಂದೆರಡು ದಿನ ಬೇಕು. ಮೊದಲ ದಿನ 1.4 ಬಂದು, ಯಂತ್ರ 39 ಎಂದು ಛಾಪಿಸುವ ಹೊತ್ತಿಗೆ ನಿಜವಾದ ಸೋಸುವಿಕೆ ಸೊನ್ನೆಯ ಹತ್ತಿರವಿರಬಹುದು. ವೈದ್ಯರು ಇಲ್ಲಿ ನೋಡುವುದು ಏರಿಕೆಯನ್ನು: ಎರಡು ದಿನದೊಳಗೆ 0.3 ಏರಿದರೆ ಅಥವಾ ವಾರದೊಳಗೆ ಮೊದಲಿದ್ದುದರ ಒಂದೂವರೆ ಪಟ್ಟಾದರೆ ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದಿದೆ ಎಂದರ್ಥ. 1.1 ಇದ್ದದ್ದು 1.8 ಆದರೆ ಒಂದೂವರೆ ಪಟ್ಟು ದಾಟಿತು. ಹಳೆಯ ರಿಪೋರ್ಟ್ ಮನೆಯಲ್ಲಿದ್ದು ಕೈಗೆ ಸಿಕ್ಕರೆ ಈ ನಿರ್ಧಾರ ಐದು ನಿಮಿಷದಲ್ಲಿ ಆಗುತ್ತದೆ. ಇಲ್ಲದಿದ್ದರೆ ಇದು ಹಳೆಯ ಕಾಯಿಲೆಯೋ ಹೊಸ ಪೆಟ್ಟೋ ಎಂದು ತಡಕಾಡಬೇಕು. ಸಮಾಧಾನದ ಸಂಗತಿಯೆಂದರೆ, ಬೇಗ ನೀರಿನಂಶ ತುಂಬಿ ಕಾರಣವಾದ ಮಾತ್ರೆ ನಿಲ್ಲಿಸಿದರೆ ಇಂಥ ಪೆಟ್ಟು ಬಹಳಷ್ಟು ಸಲ ಸುಧಾರಿಸುತ್ತದೆ.

ಆದ್ದರಿಂದ ಆರೋಗ್ಯವಾಗಿರುವಾಗಲೇ ವೈದ್ಯರನ್ನು ಕೇಳಿಡಬೇಕಾದ ಪ್ರಶ್ನೆ ಇದು: ‘ಅಮ್ಮನಿಗೆ ವಾಂತಿ-ಭೇದಿಯಾಗಿ ಏನೂ ಸೇರದೆ ಹೋದರೆ ಯಾವ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು, ಯಾವಾಗ ಮತ್ತೆ ಶುರುಮಾಡಬೇಕು?’ ಮೆಟ್‌ಫಾರ್ಮಿನ್ ಕೂಡ ಆ ಪಟ್ಟಿಯಲ್ಲಿ ಬರುತ್ತದೆ. ಮಾಮೂಲಿ ದಿನಗಳಲ್ಲಿ ಇಜಿಎಫ್‌ಆರ್ 45ಕ್ಕಿಂತ ಕೆಳಗಿಳಿದರೆ ಅದರ ಡೋಸು ಇಳಿಸುತ್ತಾರೆ, 30ಕ್ಕಿಂತ ಕೆಳಗಾದರೆ ನಿಲ್ಲಿಸುತ್ತಾರೆ. ನೋವಿನ ಮಾತ್ರೆಯ ಪಟ್ಟಿಯ ಹಿಂಭಾಗವನ್ನೂ ಓದಿ. ‘ಪ್ಯಾರಾಸಿಟಮಾಲ್ ತಾನೇ’ ಎಂದು ಕೊಡುವ ಎಷ್ಟೋ ಮಾತ್ರೆಗಳಲ್ಲಿ ಅದರ ಜೊತೆ ಅಸೆಕ್ಲೋಫೆನಾಕ್ ಬೆರೆತಿರುತ್ತದೆ.

ಡಯಾಲಿಸಿಸ್‌ಗೆ ಅಂಕಿ ಯಾವುದು?

ಅಂಥ ಒಂದೇ ಅಂಕಿ ಇಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ‘ಐಡಿಯಲ್’ ಅಧ್ಯಯನದಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸೋಸುವ ಪ್ರಮಾಣ 10ರಿಂದ 14 ಇರುವಾಗಲೇ ಡಯಾಲಿಸಿಸ್ ಶುರುಮಾಡುವುದು, ಇನ್ನೊಂದಕ್ಕೆ 5ರಿಂದ 7ಕ್ಕೆ ಇಳಿಯುವವರೆಗೆ ಕಾಯುವುದು ಎಂದು ಗೊತ್ತುಮಾಡಿದ್ದರು. ಬೇಗ ಶುರುಮಾಡಿದವರು ಹೆಚ್ಚು ಕಾಲ ಬದುಕಲಿಲ್ಲ. ಉಸಿರಾಟಕ್ಕೆ ತೊಂದರೆಯಾಗುವಷ್ಟು ನೀರು ತುಂಬುವುದು, ಹತೋಟಿಗೆ ಬಾರದ ಪೊಟ್ಯಾಸಿಯಂ, ಬಿಡದ ವಾಕರಿಕೆ, ಮಂಕು ಇಂಥ ಲಕ್ಷಣಗಳೇ ಸಮಯವನ್ನು ನಿರ್ಧರಿಸುತ್ತವೆ. 52 ಇರುವವರು ಆ ಮಾತಿನಿಂದ ಬಹಳ ದೂರದಲ್ಲಿದ್ದಾರೆ. ಎಳನೀರು, ಬಾಳೆಹಣ್ಣು, ಬೇಳೆ ಎಲ್ಲವನ್ನೂ ಅವರ ಎಲೆಯಿಂದ ತೆಗೆದುಹಾಕುವುದೂ ಸರಿಯಲ್ಲ. ಪೊಟ್ಯಾಸಿಯಂ ಹೆಚ್ಚಿರುವವರಿಗೆ ಆ ಪಥ್ಯ ಬೇಕು. ಅದು ಸರಿಯಿರುವ ತೆಳ್ಳನೆಯ ಮುದುಕಿಗೆ ಬೇಳೆ ನಿಲ್ಲಿಸಿದರೆ ಇದ್ದ ಸ್ನಾಯುವೂ ಕರಗುತ್ತದೆ, ಕ್ರಿಯಾಟಿನಿನ್ ಇಳಿದು ಇನ್ನಷ್ಟು ಮೋಸ ಮಾಡುತ್ತದೆ.

ಮುಂದಿನ ಸಲ ಅಪ್ಪ-ಅಮ್ಮನನ್ನು ವೈದ್ಯರ ಬಳಿ ಕರೆದೊಯ್ಯುವಾಗ ಹಳೆಯ ಕ್ರಿಯಾಟಿನಿನ್ ಅಂಕಿಗಳನ್ನು ತಾರೀಖಿನೊಂದಿಗೆ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಈಗಿನ ತೂಕವನ್ನೂ, ಮೆಡಿಕಲ್ ಶಾಪ್‌ನಿಂದ ತಾವೇ ತಂದು ನುಂಗುವ ಮಾತ್ರೆಗಳ ಹೆಸರನ್ನೂ ಅದರ ಕೆಳಗೆ ಬರೆಯಿರಿ. ಮೂತ್ರದ ಎಸಿಆರ್ ಇದುವರೆಗೆ ಮಾಡಿಸಿಲ್ಲವಾದರೆ ಮಾಡಿಸಬೇಕೇ ಎಂದು ಕೇಳಿ. ಈ ಹಾಳೆಯಿಲ್ಲದೆ 1.1 ಎಂಬುದು ‘ನಾರ್ಮಲ್’ ಕೂಡ ಅಲ್ಲ, ಕಾಯಿಲೆಯೂ ಅಲ್ಲ.